ಐದು ದಿನದ ಮಳೆಗೆ ನಾಲ್ಕು ಮೊತ್ತ

```
INXXXXXXXXX201607PRCP    0  S  254  S    0T S-9999    1180 SS
```

ಮೇಲಿನ ಸಾಲಿನಲ್ಲಿ ಐದು ದಿನದ ಮಳೆಯ ಲೆಕ್ಕವಿದೆ. ಅಂಕಿಗಳು ಇಲ್ಲಿ ವಿವರಿಸಲೆಂದು ಬರೆದವು, ಕೇಂದ್ರದ ಗುರುತಿನ ಜಾಗದಲ್ಲಿ X ಹಾಕಿದೆ. ಆದರೆ ಸಾಲಿನ ರೂಪ ನಿಜವಾದದ್ದೇ. ಅಮೆರಿಕದ ಸಾಗರ ಮತ್ತು ವಾಯುಮಂಡಲ ಸಂಸ್ಥೆ ‘ನೋವಾ’ ಜಗತ್ತಿನ ಒಂದು ಲಕ್ಷಕ್ಕೂ ಹೆಚ್ಚು ಹವಾಮಾನ ಕೇಂದ್ರಗಳ ದಿನವಾರು ಅಳತೆಗಳನ್ನು ಕೂಡಿಟ್ಟು, ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ತೆರೆದಿಟ್ಟಿದೆ. ಜಿಎಚ್‌ಸಿಎನ್-ಡೈಲಿ ಎಂಬ ಈ ಭಂಡಾರದಲ್ಲಿ ಭಾರತದ ಕೇಂದ್ರಗಳೂ ಇವೆ. ಅದರ ಕಡತಗಳು ಹೀಗೆಯೇ ಇರುತ್ತವೆ: ತಲೆಬರಹವಿಲ್ಲ, ಅಲ್ಪವಿರಾಮವಿಲ್ಲ, ಅಂಕಿ ಮತ್ತು ಅಕ್ಷರ ಒಂದಕ್ಕೊಂದು ಅಂಟಿಕೊಂಡ ಸಾಲುಗಳು ಮಾತ್ರ.

ಐದು ದಿನದಲ್ಲಿ ಒಟ್ಟು ಎಷ್ಟು ಮಳೆ ಬಂತು? ಕಣ್ಣಿಗೆ ಬಿದ್ದ ಅಂಕಿಗಳನ್ನೆಲ್ಲ ಕೂಡಿದರೆ -8565 ಬರುತ್ತದೆ. ಮಳೆ ಸೊನ್ನೆಗಿಂತ ಕಡಿಮೆಯಾಗಲು ಸಾಧ್ಯವಿಲ್ಲ, ಹಾಗಾಗಿ ತಪ್ಪು ತಕ್ಷಣ ಗೊತ್ತಾಗುತ್ತದೆ. -9999 ಅನ್ನು ಬಿಟ್ಟು ಕೂಡಿದರೆ 1434. ಇದನ್ನು ಮಿಲಿಮೀಟರ್ ಎಂದುಕೊಂಡರೆ ಬಹಳ ಊರುಗಳಲ್ಲಿ ವರ್ಷಕ್ಕೂ ಬಾರದಷ್ಟು ಮಳೆ ಐದೇ ದಿನದಲ್ಲಿ ಸುರಿದಂತಾಯಿತು. ಹತ್ತರಿಂದ ಭಾಗಿಸಿದರೆ 143.4. ಈ ಮೊತ್ತ ಜುಲೈ ತಿಂಗಳಿಗೆ ಸಹಜವಾಗಿ ಕಾಣುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ. ಆದರೆ ಅದೂ ತಪ್ಪು. ನಂಬಬಹುದಾದ ಉತ್ತರ 25.4 ಮಿಲಿಮೀಟರ್, ಅದೂ ಐದು ದಿನಕ್ಕಲ್ಲ, ಮೂರು ದಿನಕ್ಕೆ. ಉಳಿದೆರಡು ದಿನದ ಮಳೆ ನಮಗೆ ಗೊತ್ತಿಲ್ಲ.

ಮೊದಲನೆಯ ಮೊತ್ತದಿಂದ ನಾಲ್ಕನೆಯದಕ್ಕೆ ಬರುವ ದಾರಿ ಆ ಸಾಲಿನಲ್ಲಿಲ್ಲ. ಅದು ಕಡತದ ಜೊತೆಗೇ ಇಟ್ಟಿರುವ `readme.txt` ಎಂಬ ಇನ್ನೊಂದು ಕಡತದಲ್ಲಿದೆ. ಯಾವ ಕಾಲಂ ಎಲ್ಲಿ ಶುರುವಾಗುತ್ತದೆ, ಅದರಲ್ಲಿ ಅಂಕಿ ಇರುತ್ತದೋ ಅಕ್ಷರವೋ, ಅದರ ಅರ್ಥವೇನು, ಯಾವ ಬೆಲೆಗಳು ಬರಬಹುದು ಎಂದು ಹೇಳುವ ಪಟ್ಟಿ ಅದು. ಕಂಪ್ಯೂಟರ್ ಮಂದಿ ಇಂಥ ಪಟ್ಟಿಯನ್ನು ಡೇಟಾ ಡಿಕ್ಷನರಿ ಎನ್ನುತ್ತಾರೆ.

ಪಟ್ಟಿಯ ಪ್ರಕಾರ ಮೊದಲ 11 ಅಕ್ಷರ ಕೇಂದ್ರದ ಗುರುತು, ನಂತರದ 4 ವರ್ಷ, 2 ತಿಂಗಳು, 4 ಅಳತೆಯ ಹೆಸರು. PRCP ಎಂದರೆ ಮಳೆ. ಅಲ್ಲಿಂದ ಮುಂದೆ ದಿನಕ್ಕೆ ಎಂಟೆಂಟು ಜಾಗ: ಐದು ಅಂಕಿಗೆ, ಮೂರು ಗುರುತುಗಳಿಗೆ. ಅಂಕಿ ಪೂರ್ಣಾಂಕವೇ ಆಗಿರಬೇಕು, ದಶಮಾಂಶ ಚುಕ್ಕೆ ಬರುವಂತಿಲ್ಲ. ಅದಕ್ಕಾಗಿಯೇ ಮಳೆಯನ್ನು ಮಿಲಿಮೀಟರಿನ ಹತ್ತನೇ ಒಂದು ಭಾಗದ ಲೆಕ್ಕದಲ್ಲಿ ಬರೆಯುತ್ತಾರೆ. 254 ಎಂದರೆ 25.4 ಮಿಲಿಮೀಟರ್. ಗರಿಷ್ಠ ತಾಪಮಾನವಾದ TMAX ಕೂಡ ಹೀಗೆಯೇ, 335 ಎಂದರೆ 33.5 ಡಿಗ್ರಿ. ಹಾಗೆಂದು ಎಲ್ಲವನ್ನೂ ಹತ್ತರಿಂದ ಭಾಗಿಸಿದರೆ ಮತ್ತೆ ಎಡವಟ್ಟು, ಏಕೆಂದರೆ ಹಿಮಪಾತವನ್ನು ಹೇಳುವ SNOW ನೇರವಾಗಿ ಮಿಲಿಮೀಟರಿನಲ್ಲೇ ಇದೆ.

ಈ ಹತ್ತು ಪಟ್ಟಿನ ವ್ಯತ್ಯಾಸ ಎಲ್ಲ ಕಡೆಯೂ ಎದ್ದು ಕಾಣುವುದಿಲ್ಲ. ಭಾರತೀಯ ಹವಾಮಾನ ಇಲಾಖೆಯ ಲೆಕ್ಕದಲ್ಲಿ 2.5 ಮಿಲಿಮೀಟರ್ ಅಥವಾ ಹೆಚ್ಚು ಮಳೆ ಬಂದ ದಿನ ಮಾತ್ರ ‘ಮಳೆಯ ದಿನ’. ಪಟ್ಟಿ ಓದದವರು ಕಡತದಲ್ಲಿ 2.5ಕ್ಕಿಂತ ದೊಡ್ಡ ಅಂಕಿಗಳನ್ನು ಎಣಿಸುತ್ತಾರೆ. ಆಗ 0.3 ಮಿಲಿಮೀಟರ್ ಹನಿ ಬಿದ್ದ ದಿನವೂ ಮಳೆಯ ದಿನವಾಗಿಬಿಡುತ್ತದೆ. ಕೊನೆಗೆ ಸಿಗುವ ಸಂಖ್ಯೆ ತುಸು ಹೆಚ್ಚಿರುತ್ತದೆಯೇ ಹೊರತು ಅಸಂಭವವೆನಿಸುವುದಿಲ್ಲ. ಎಣಿಕೆಯ ಮಿತಿ 25 ಆಗಿರಬೇಕಿತ್ತು.

-9999 ಎಂದರೆ ಅಳತೆ ಇಲ್ಲ. ಪ್ರತಿ ಸಾಲಿನಲ್ಲೂ 31 ದಿನಕ್ಕೆ ಜಾಗವಿರುವುದರಿಂದ ಫೆಬ್ರುವರಿ 30ಕ್ಕೂ ಒಂದು -9999 ಇರುತ್ತದೆ. ಅಳತೆ ಇಲ್ಲದ ದಿನವನ್ನು ಸೊನ್ನೆ ಮಾಡಿಬಿಡೋಣ ಎಂದು ಕೆಲವರಿಗೆ ತೋಚುತ್ತದೆ. ಇದು ಬಹಳ ಕೆಟ್ಟ ಅಭ್ಯಾಸ. ಕೇಂದ್ರದಿಂದ ವರದಿ ಬಾರದ ದಿನ ಎಷ್ಟೋ ಸಲ ಜೋರು ಮಳೆಯಾಗಿ ಸಂಪರ್ಕ ಕಡಿದ ದಿನವೇ ಆಗಿರಬಹುದು. ಸೊನ್ನೆ ಎಂದು ಬರೆದರೆ ಆ ದಿನ ಒಣಗಿತ್ತು ಎಂದು ಸಾಕ್ಷಿ ಹೇಳಿದಂತೆ. ಮೂರನೆಯ ದಿನದ ಸೊನ್ನೆಯ ಪಕ್ಕದಲ್ಲಿರುವ T ಗಮನಿಸಿ. ಮಳೆ ಬಿದ್ದಿದೆ, ಆದರೆ ಅಳೆಯುವಷ್ಟು ಇರಲಿಲ್ಲ ಎಂದು ಅದರ ಅರ್ಥ. ಅಂದರೆ ಒಣ ದಿನಕ್ಕೆ, ತುಂತುರು ದಿನಕ್ಕೆ, ಏನೂ ಗೊತ್ತಿಲ್ಲದ ದಿನಕ್ಕೆ ಬೇರೆ ಬೇರೆ ಬರಹ. ಈ ಮೂರನ್ನೂ ಬೇರೆಯಾಗಿ ಉಳಿಸಿಕೊಂಡಿರುವುದೇ ಈ ಪಟ್ಟಿಯ ದೊಡ್ಡ ಗುಣ.

ಐದನೆಯ ದಿನದ 1180ರ ಮುಂದೆ ಎರಡು S ಇವೆ. ಅಕ್ಷರ ಒಂದೇ, ಅರ್ಥ ಬೇರೆ. ಎರಡನೆಯ S ಆ ಅಂಕಿ ಯಾವ ಮೂಲದಿಂದ ಬಂತು ಎಂದು ಹೇಳುತ್ತದೆ. ದೇಶದೇಶಗಳು ವಿನಿಮಯ ಮಾಡಿಕೊಳ್ಳುವ ಹವಾಮಾನ ವರದಿಗಳಿಂದ ಕೂಡಿಸಿದ ಅಳತೆ ಅದು. ಇಂಥ ಅಳತೆ, ಅದರಲ್ಲೂ ಮಳೆಯದು, ನಿಜವಾದ ದಿನದ ಲೆಕ್ಕಕ್ಕಿಂತ ಬಹಳ ಬೇರೆಯಾಗಿರಬಹುದು ಎಂಬ ಎಚ್ಚರಿಕೆಯನ್ನೂ ಪಟ್ಟಿ ಕೊಡುತ್ತದೆ. ಮೊದಲನೆಯ S ಗುಣಮಟ್ಟದ ಪರೀಕ್ಷೆಯ ಗುರುತು, QFLAG ಎಂಬ ಕಾಲಂನದ್ದು. ಸುತ್ತಲಿನ ಕೇಂದ್ರಗಳ ಅಳತೆಯ ಜೊತೆ ಈ ಅಂಕಿ ಹೊಂದಲಿಲ್ಲ ಎಂದು ಅದು ಹೇಳುತ್ತದೆ. 118 ಮಿಲಿಮೀಟರ್ ಮಳೆಯನ್ನು ಮೊತ್ತದಿಂದ ಕೈಬಿಟ್ಟದ್ದು ಇದಕ್ಕೇ. ಪರೀಕ್ಷೆಯಲ್ಲಿ ಸೋತರೂ ಅಂಕಿಯನ್ನು ಕಡತದಿಂದ ಅಳಿಸಿಲ್ಲ, ಪಕ್ಕದಲ್ಲಿ ಗುರುತು ಹಾಕಿ ಬಿಟ್ಟಿದ್ದಾರೆ. ಬಳಸುವುದೋ ಬಿಡುವುದೋ ಓದುವವರ ತೀರ್ಮಾನ.

ಗುರುತಿನ ಜಾಗ ಖಾಲಿಯಿದ್ದರೆ? ಅದಕ್ಕೂ ಪಟ್ಟಿಯಲ್ಲಿ ಅರ್ಥವಿದೆ, ಮತ್ತು ಆ ಮಾತು ಬಹಳ ಅಳೆದು ಬರೆದದ್ದು. ಖಾಲಿ ಎಂದರೆ ಅಂಕಿ ಸರಿಯಾಗಿದೆ ಎಂದಲ್ಲ, ಯಾವ ಪರೀಕ್ಷೆಯಲ್ಲೂ ಸೋತಿಲ್ಲ ಎಂದಷ್ಟೇ.

ಮಳೆ ಬರೆದಿಡುವ ಅಭ್ಯಾಸ ನಮ್ಮಲ್ಲೂ ಹಳೆಯದು. ಕೊಡಗು, ಚಿಕ್ಕಮಗಳೂರಿನ ಕಾಫಿ ಬೆಳೆಗಾರರು ತೋಟದಲ್ಲೇ ಮಳೆಮಾಪಕ ಇಟ್ಟು ಇಂಚು, ಸೆಂಟ್ ಲೆಕ್ಕದಲ್ಲಿ ಪುಸ್ತಕ ಬರೆಯುತ್ತಾರೆ. ನೂರು ಸೆಂಟಿಗೆ ಒಂದು ಇಂಚು. ಅಂಥ ಪುಸ್ತಕವನ್ನು ಕಂಪ್ಯೂಟರಿಗೆ ಏರಿಸುವವರು ಮೊದಲ ಹಾಳೆಯಲ್ಲೇ ಇಷ್ಟು ಬರೆದುಕೊಂಡರೆ ಸಾಕು:

| ಕಾಲಂ | ಬಗೆ | ಅರ್ಥ | ಬರಬಹುದಾದ ಬೆಲೆ |
|---|---|---|---|
| ದಿನ | ದಿನಾಂಕ | ಅಳತೆ ತೆಗೆದ ದಿನ, ಬೆಳಿಗ್ಗೆ 8.30ಕ್ಕೆ | ವರ್ಷ-ತಿಂಗಳು-ದಿನ |
| ಮಳೆ | ಪೂರ್ಣಾಂಕ | ಹಿಂದಿನ ಅಳತೆಯಿಂದೀಚೆಗೆ ಬಿದ್ದದ್ದು, ಸೆಂಟ್‌ನಲ್ಲಿ | 0ರಿಂದ 2000. ಅಳೆಯದಿದ್ದರೆ ಖಾಲಿ |
| ಎಷ್ಟು ದಿನದ್ದು | ಪೂರ್ಣಾಂಕ | ಈ ಅಳತೆ ಎಷ್ಟು ದಿನದ ಮಳೆ | 1ರಿಂದ 7 |

8.30 ಎಂದು ಬರೆಯಲು ಕಾರಣವಿದೆ. ಹವಾಮಾನ ಇಲಾಖೆಯ ಮಳೆಯ ದಿನ ಮುಗಿಯುವುದು ಬೆಳಿಗ್ಗೆ 8.30ಕ್ಕೆ. ಸೋಮವಾರ ರಾತ್ರಿ ಸುರಿದದ್ದು ಮಂಗಳವಾರದ ಖಾತೆಗೆ ಹೋಗುತ್ತದೆ. ಇದು ಗೊತ್ತಿರದಿದ್ದರೆ ಎರಡು ತೋಟಗಳ ಪುಸ್ತಕಗಳು ಒಂದು ದಿನ ಹಿಂದೆಮುಂದಾಗಿ ಕಾಣುತ್ತವೆ. ಕೊನೆಯ ಕಾಲಂ ರಜೆಗಾಗಿ. ಭಾನುವಾರ ಯಾರೂ ಅಳೆಯದೆ ಸೋಮವಾರ ಎರಡು ದಿನದ ನೀರನ್ನು ಒಟ್ಟಿಗೆ ಅಳೆದರೆ ಅಲ್ಲಿ 2 ಎಂದು ಬರೆಯಬೇಕು. ಇಲ್ಲದಿದ್ದರೆ ಸೋಮವಾರ ಭಾರೀ ಮಳೆ ಎಂದು ದಾಖಲಾಗುತ್ತದೆ. ಜಿಎಚ್‌ಸಿಎನ್ ಇಂಥ ಒಟ್ಟು ಅಳತೆಯನ್ನು PRCPಗೆ ಸೇರಿಸದೆ MDPR ಎಂಬ ಬೇರೆ ಹೆಸರಿನಲ್ಲೇ ಇಡುತ್ತದೆ.

ಇಷ್ಟು ಮಾಡಿದರೂ ಪಟ್ಟಿಗೆ ಒಂದು ಮಿತಿ ಇದೆ. ಮಳೆಯ ಕಾಲಂನಲ್ಲಿ ಯಾರಾದರೂ 25.4 ಎಂದು ಮಿಲಿಮೀಟರಿನಲ್ಲಿ ಬರೆದರೆ, ಪೂರ್ಣಾಂಕವಲ್ಲ ಎಂಬ ಕಾರಣಕ್ಕೆ ಸಿಕ್ಕಿಬೀಳುತ್ತದೆ. ಅದೇ ಮಳೆಯನ್ನು ಚುಕ್ಕೆ ಬಿಟ್ಟು 254 ಎಂದು ಬರೆದರೆ ಬಗೆಯೂ ಸರಿ, ಬೆಲೆಯೂ 2000ದೊಳಗೆ. ಒಂದು ಇಂಚು ಮಳೆ ಎರಡೂವರೆ ಇಂಚಾಗಿ ಪುಸ್ತಕ ಸೇರುತ್ತದೆ. ಅದನ್ನು ಹಿಡಿಯಲು ಪಕ್ಕದ ತೋಟಗಳ ಅದೇ ದಿನದ ಅಳತೆಯನ್ನು ಎದುರಿಗಿಟ್ಟು ನೋಡಬೇಕು. QFLAG ಕಾಲಂನ S ಹೇಳುವುದು ಇಂಥದೇ ಹೋಲಿಕೆಯ ಫಲಿತಾಂಶವನ್ನು.