ಬಾಡಿಗೆ ಭತ್ಯೆಯಲ್ಲಿ ತೆರಿಗೆಯಿಂದ ಉಳಿಯುವುದೆಷ್ಟು?

ಜನವರಿ ಬಂತೆಂದರೆ ಕಂಪನಿಗಳ ಲೆಕ್ಕಪತ್ರ ವಿಭಾಗದಿಂದ ನೌಕರರಿಗೆ ಇ-ಮೇಲ್ ಬರತೊಡಗುತ್ತದೆ: ಬಾಡಿಗೆ ರಸೀದಿ ಕೊಡಿ, ಕರಾರು ಪತ್ರದ ಪ್ರತಿ ಕೊಡಿ, ಮನೆ ಮಾಲೀಕರ ಪ್ಯಾನ್ ಸಂಖ್ಯೆ ಕೊಡಿ. ಎಲ್ಲವನ್ನೂ ಹೊಂದಿಸಿ ಕೊಟ್ಟವರು ಮಾರ್ಚ್ ತಿಂಗಳ ಪೇ ಸ್ಲಿಪ್ ನೋಡಿ ಗೊಂದಲಕ್ಕೆ ಬೀಳುತ್ತಾರೆ. ಕಂಪನಿ ಕೊಟ್ಟ ಬಾಡಿಗೆ ಭತ್ಯೆ, ಅಂದರೆ ಎಚ್‌ಆರ್‌ಎ, ತಿಂಗಳಿಗೆ 40,000 ರೂಪಾಯಿ. ಕಟ್ಟಿದ ಬಾಡಿಗೆ 26,000. ತೆರಿಗೆಯಿಂದ ಬಿಟ್ಟದ್ದು ಮಾತ್ರ 18,000. ಭತ್ಯೆಗೂ ಹೊಂದದ, ಬಾಡಿಗೆಗೂ ಹೊಂದದ ಈ ಮೂರನೆಯ ಅಂಕಿ ಎಲ್ಲಿಂದ ಬಂತು?

ಕಾನೂನು ಬಾಡಿಗೆ ಭತ್ಯೆಯನ್ನು ಹೇಗೆ ನೋಡುತ್ತದೆ ಎಂಬುದರಲ್ಲಿ ಇದಕ್ಕೆ ಉತ್ತರವಿದೆ. ಮಾಲೀಕ ಕೊಡುವ ಭತ್ಯೆ ಮೂಲತಃ ಸಂಬಳದ ಭಾಗವೇ, ಹಾಗಾಗಿ ತೆರಿಗೆಗೆ ಒಳಪಡುವ ಆದಾಯ. ಆದರೆ ಕೆಲಸಕ್ಕಾಗಿ ಒಂದು ಊರಿನಲ್ಲಿ ಬಾಡಿಗೆ ಮನೆ ಹಿಡಿದವನ ಕೈಯಿಂದ ಆ ಹಣ ನೇರ ಮನೆಯೊಡೆಯನಿಗೆ ಹೋಗುತ್ತದೆ. ಹೀಗೆ ನಿಜವಾಗಿ ಖರ್ಚಾದ ಮಟ್ಟಿಗೆ ಅದನ್ನು ಆದಾಯವೆಂದು ಎಣಿಸುವುದು ಬೇಡ ಎಂಬುದೇ 1961ರ ಆದಾಯ ತೆರಿಗೆ ಕಾಯ್ದೆಯ 10(13ಎ) ಕಲಮಿನ ಆಶಯ. ಬಾಡಿಗೆಯನ್ನೇ ಕಟ್ಟದವರಿಗೆ, ಸ್ವಂತ ಮನೆಯಲ್ಲಿ ಇರುವವರಿಗೆ ಇದು ಅನ್ವಯಿಸುವುದಿಲ್ಲ. ಅವರು ಪಡೆದ ಭತ್ಯೆ ಪೂರ್ತಿಯಾಗಿ ತೆರಿಗೆಗೆ ಸೇರುತ್ತದೆ.

ಎಷ್ಟು ಬಿಡಬೇಕೆಂದು ಹೇಳುವುದು 1962ರ ನಿಯಮಾವಳಿಯ 2ಎ ನಿಯಮ. ಅದು ಮೂರು ಮೊತ್ತಗಳನ್ನು ಲೆಕ್ಕ ಹಾಕಲು ಹೇಳಿ, ಅವುಗಳಲ್ಲಿ ಅತಿ ಕಡಿಮೆಯಾದದ್ದಕ್ಕೆ ಮಾತ್ರ ವಿನಾಯಿತಿ ಕೊಡುತ್ತದೆ. ಮೊದಲನೆಯದು, ನಿಜವಾಗಿ ಕೈಗೆ ಬಂದ ಭತ್ಯೆ. ಎರಡನೆಯದು, ಕಟ್ಟಿದ ಬಾಡಿಗೆಯಿಂದ ಸಂಬಳದ ಹತ್ತನೆಯ ಒಂದು ಭಾಗವನ್ನು ಕಳೆದು ಉಳಿದದ್ದು. ಮೂರನೆಯದು, ಮನೆ ಮುಂಬಯಿ, ದೆಹಲಿ, ಕೋಲ್ಕತ್ತ ಅಥವಾ ಚೆನ್ನೈನಲ್ಲಿದ್ದರೆ ಸಂಬಳದ ಶೇ 50, ಬೇರೆಲ್ಲೇ ಇದ್ದರೂ ಶೇ 40. ಇಲ್ಲಿ ಸಂಬಳವೆಂದರೆ ಕೈಗೆ ಬರುವ ಒಟ್ಟು ಹಣವಲ್ಲ. ಮೂಲ ವೇತನ, ನಿವೃತ್ತಿ ಸೌಲಭ್ಯಕ್ಕೆ ಪರಿಗಣಿಸುವ ತುಟ್ಟಿಭತ್ಯೆ ಮತ್ತು ವಹಿವಾಟಿನ ನಿಗದಿತ ಶೇಕಡಾವಾರು ದರದಲ್ಲಿ ಸಿಗುವ ಕಮಿಷನ್ ಇಷ್ಟೇ. ವಿಶೇಷ ಭತ್ಯೆ, ಬೋನಸ್ ಈ ಲೆಕ್ಕಕ್ಕೆ ಬರುವುದಿಲ್ಲ.

ಮೂರರಲ್ಲಿ ಜನರಿಗೆ ಒಗಟಾಗಿ ಕಾಣುವುದು ಎರಡನೆಯದು. ಬಾಡಿಗೆಯನ್ನು ಪೂರ್ತಿ ಕಟ್ಟಿದ ಮೇಲೂ ಹತ್ತನೆಯ ಒಂದು ಭಾಗವನ್ನು ಕಳೆಯುವುದೇಕೆ? ಭತ್ಯೆ ಸಿಗದವನೂ ಎಲ್ಲೋ ಒಂದು ಕಡೆ ವಾಸಿಸಲೇಬೇಕು, ಅದಕ್ಕೆ ತನ್ನ ಸಂಬಳದಿಂದಲೇ ಒಂದಿಷ್ಟು ತೆಗೆಯಲೇಬೇಕು. ಸಂಬಳದ ಹತ್ತನೆಯ ಒಂದು ಭಾಗವನ್ನು ಈ ಸ್ವಂತ ಪಾಲು ಎಂದು ನಿಯಮ ಎಣಿಸಿದಂತಿದೆ. ಅದರಾಚೆಗಿನ ಹೊರೆಗೆ ಮಾತ್ರ ವಿನಾಯಿತಿ. ಹಾಗಾಗಿ ಬಾಡಿಗೆ ಸಂಬಳದ ಶೇ 10ಕ್ಕಿಂತ ಕಡಿಮೆಯಿದ್ದರೆ ವಿನಾಯಿತಿ ಸೊನ್ನೆ.

ಈಗ ಆರಂಭದ ಅಂಕಿಗಳಿಗೆ ಬರೋಣ. ಬೆಂಗಳೂರಿನ ಒಬ್ಬ ಉದ್ಯೋಗಿಯ ತಿಂಗಳ ಮೂಲ ವೇತನ 80,000, ಬಾಡಿಗೆ ಭತ್ಯೆ 40,000, ವಿಶೇಷ ಭತ್ಯೆ 40,000 ಎಂದಿಟ್ಟುಕೊಳ್ಳಿ. ಬಾಡಿಗೆ 26,000. ಮೊದಲ ಮೊತ್ತ 40,000. ಎರಡನೆಯದು, 26,000ದಲ್ಲಿ ಮೂಲ ವೇತನದ ಹತ್ತನೆಯ ಒಂದು ಭಾಗವಾದ 8,000 ಕಳೆದರೆ 18,000. ಮೂರನೆಯದು, 80,000ದ ಶೇ 40, ಅಂದರೆ 32,000. ಕಡಿಮೆಯದು 18,000. ವರ್ಷಕ್ಕೆ 2,16,000 ರೂಪಾಯಿ ತೆರಿಗೆಯಿಂದ ಹೊರಗೆ, ಭತ್ಯೆಯ ಉಳಿದ 2,64,000 ತೆರಿಗೆಯೊಳಗೆ.

ಇದೇ ಉದ್ಯೋಗಿ ಇದೇ ಸಂಬಳಕ್ಕೆ, ಇದೇ ಬಾಡಿಗೆಗೆ ಚೆನ್ನೈನಲ್ಲಿದ್ದರೆ? ಮೂರನೆಯ ಮೊತ್ತ 32,000ದಿಂದ 40,000ಕ್ಕೆ ಏರುತ್ತದೆ. ಆದರೆ ವಿನಾಯಿತಿ ಆಗಲೂ 18,000ವೇ. ಬೆಂಗಳೂರು ಶೇ 50ರ ಪಟ್ಟಿಯಲ್ಲಿ ಇಲ್ಲದ್ದರಿಂದ ಇಲ್ಲಿನ ಬಾಡಿಗೆದಾರರೆಲ್ಲರಿಗೂ ನಷ್ಟ ಎಂಬ ಮಾತು ಆಗಾಗ ಕೇಳಿಬರುತ್ತದೆ. ಲೆಕ್ಕ ಹಾಕಿ ನೋಡಿದರೆ ಅದು ಎಲ್ಲರ ವಿಷಯದಲ್ಲೂ ನಿಜವಲ್ಲ. ಎರಡನೆಯ ಮೊತ್ತವು ಶೇ 40ನ್ನು ದಾಟಬೇಕಾದರೆ ಬಾಡಿಗೆಯೇ ಮೂಲ ವೇತನದ ಅರ್ಧವನ್ನು ದಾಟಬೇಕು. ಜೊತೆಗೆ ಕಂಪನಿ ಕೊಡುವ ಭತ್ಯೆಯೂ ಶೇ 40ಕ್ಕಿಂತ ಹೆಚ್ಚಿರಬೇಕು. ಇವೆರಡೂ ಕೂಡಿದವರಿಗೆ ಮಾತ್ರ ಊರಿನ ವ್ಯತ್ಯಾಸ ತಟ್ಟುತ್ತದೆ.

ಅಂಥವರಿಗೆ ತಟ್ಟುವುದು ಜೋರಾಗಿಯೇ. ಮೇಲಿನ ಉದ್ಯೋಗಿ ಮಕ್ಕಳ ಶಾಲೆಗೆ ಹತ್ತಿರವಾಗಲೆಂದು 46,000 ರೂಪಾಯಿ ಬಾಡಿಗೆಯ ಮನೆಗೆ ಹೋದರೆಂದುಕೊಳ್ಳಿ. ಹತ್ತನೆಯ ಒಂದು ಭಾಗ ಕಳೆದರೆ ಉಳಿಯುವುದು 38,000. ಚೆನ್ನೈನಲ್ಲಾದರೆ ಅಷ್ಟಕ್ಕೂ ವಿನಾಯಿತಿ. ಬೆಂಗಳೂರಿನಲ್ಲಿ 32,000ಕ್ಕೇ ತಡೆ. ತಿಂಗಳಿಗೆ 6,000, ವರ್ಷಕ್ಕೆ 72,000 ರೂಪಾಯಿ ಹೆಚ್ಚುವರಿಯಾಗಿ ತೆರಿಗೆಗೆ ಸೇರುತ್ತದೆ. ಶೇ 30ರ ಹಂತದಲ್ಲಿರುವವರಿಗೆ ಸೆಸ್ ಸೇರಿ 22,464 ರೂಪಾಯಿ ಹೆಚ್ಚು ತೆರಿಗೆ.

ಈ ತಾರತಮ್ಯಕ್ಕೆ ಸಮರ್ಥನೆ ಕಾಣುವುದಿಲ್ಲ. ಕೇಂದ್ರ ಸರ್ಕಾರ ತನ್ನ ನೌಕರರಿಗೆ ಬಾಡಿಗೆ ಭತ್ಯೆ ಕೊಡುವಾಗ ಬೆಂಗಳೂರನ್ನು ಮುಂಬಯಿ, ದೆಹಲಿಗಳ ಜೊತೆ ಅತಿ ದುಬಾರಿ ‘ಎಕ್ಸ್’ ವರ್ಗದಲ್ಲೇ ಇರಿಸಿದೆ. ಹೈದರಾಬಾದ್, ಪುಣೆ, ಅಹಮದಾಬಾದ್ ಕೂಡ ಅದೇ ವರ್ಗದಲ್ಲಿವೆ. ತೆರಿಗೆ ಲೆಕ್ಕದಲ್ಲಿ ಮಾತ್ರ ಹಳೆಯ ನಾಲ್ಕು ಮಹಾನಗರಗಳ ಪಟ್ಟಿ ದಶಕಗಳ ಕಾಲ ಹಾಗೆಯೇ ಉಳಿಯಿತು. 2026ರ ಏಪ್ರಿಲ್ 1ರಿಂದ ಅನ್ವಯವಾಗುವ 2025ರ ಹೊಸ ಆದಾಯ ತೆರಿಗೆ ಕಾಯ್ದೆಗಾಗಿ ಸಿದ್ಧವಾದ ಕರಡು ನಿಯಮಗಳು ಬೆಂಗಳೂರು ಸೇರಿ ಈ ನಾಲ್ಕು ನಗರಗಳನ್ನೂ ಶೇ 50ರ ಪಟ್ಟಿಗೆ ಸೇರಿಸುವ ಪ್ರಸ್ತಾವ ಮುಂದಿಟ್ಟವು. 2025–26ರ ಆದಾಯಕ್ಕೆ ಮಾತ್ರ ಹಳೆಯ ಪಟ್ಟಿಯೇ ಆಧಾರ.

ಯಾವ ಊರು ಎಂಬುದನ್ನು ನಿರ್ಧರಿಸುವುದು ಮನೆ ಇರುವ ಜಾಗ, ಕಚೇರಿ ಇರುವ ಜಾಗವಲ್ಲ. ಮುಂಬಯಿಯ ಫೋರ್ಟ್‌ನಲ್ಲಿ ಕೆಲಸ ಮಾಡಿ ಠಾಣೆಯಲ್ಲೋ ಡೊಂಬಿವಲಿಯಲ್ಲೋ ಬಾಡಿಗೆಗಿರುವ ಕನ್ನಡಿಗರಿಗೆ ಶೇ 40ರ ಮಿತಿಯೇ ಅನ್ವಯ. ಗುರುಗ್ರಾಮದಲ್ಲಿ ಕೆಲಸ ಮಾಡಿ ದೆಹಲಿಯಲ್ಲಿ ಮನೆ ಹಿಡಿದವರಿಗೆ ಶೇ 50.

ಲೆಕ್ಕವನ್ನು ಇಡೀ ವರ್ಷಕ್ಕೆ ಒಂದೇ ಸಲ ಹಾಕುವಂತಿಲ್ಲ ಎಂಬುದೂ ಗೊತ್ತಿರಬೇಕು. ಬಾಡಿಗೆ, ಸಂಬಳ, ಭತ್ಯೆ, ಊರು ಇವುಗಳಲ್ಲಿ ಯಾವುದು ಬದಲಾದರೂ ಆ ತಿಂಗಳಿಂದ ಹೊಸ ಲೆಕ್ಕ. ಸಂಬಳ ಏರಿ ಬಾಡಿಗೆ ಹಾಗೇ ಉಳಿದರೆ ವಿನಾಯಿತಿ ಇಳಿಯುತ್ತದೆ. ನಮ್ಮ ಉದ್ಯೋಗಿಯ ಮೂಲ ವೇತನ ಅಕ್ಟೋಬರ್‌ನಲ್ಲಿ 90,000 ಆಯಿತು, ಮನೆ ಅದೇ 26,000 ರೂಪಾಯಿಯದು ಎಂದಾದರೆ ಅಲ್ಲಿಂದ ಮುಂದೆ ಕಳೆಯಬೇಕಾದದ್ದು 9,000. ವಿನಾಯಿತಿ 17,000ಕ್ಕೆ ಇಳಿಯಿತು.

ಕರ್ನಾಟಕದಲ್ಲಿ ಹಲವರು ಎಡವುವ ಜಾಗ ಭೋಗ್ಯದ ಮನೆ. ಬೆಂಗಳೂರಿನಲ್ಲಿ ‘ಲೀಸಿಗೆ’ ಎಂದು ಹತ್ತಾರು ಲಕ್ಷ ರೂಪಾಯಿ ಒಟ್ಟಿಗೆ ಕೊಟ್ಟು, ತಿಂಗಳ ಬಾಡಿಗೆಯಿಲ್ಲದೆ ಇದ್ದು, ಮನೆ ಬಿಡುವಾಗ ಹಣ ವಾಪಸ್ ಪಡೆಯುವ ಪದ್ಧತಿ ರೂಢಿಯಲ್ಲಿದೆ. ಆ ಹಣದ ಬಡ್ಡಿ ಕೈತಪ್ಪಿದ್ದು ನಿಜವಾದರೂ ಕಾನೂನಿನ ಕಣ್ಣಿಗೆ ಬಾಡಿಗೆ ಕಟ್ಟಿದಂತಾಗಲಿಲ್ಲ. ಹಾಗಾಗಿ ಭೋಗ್ಯದ ಮನೆಯಲ್ಲಿರುವವರ ಬಾಡಿಗೆ ಭತ್ಯೆಗೆ ವಿನಾಯಿತಿ ಸಿಗದು. ಬಾಡಿಗೆ ಮನೆಗೆ ಮುಂಗಡವಾಗಿ ಕೊಟ್ಟ ಹತ್ತು ತಿಂಗಳ ಅಡ್ವಾನ್ಸ್ ಕೂಡ ಬಾಡಿಗೆಯಲ್ಲ, ಮರಳಿ ಬರಬೇಕಾದ ಠೇವಣಿ.

ಇನ್ನೊಂದು ಪ್ರಶ್ನೆ ತಂದೆ ತಾಯಿಯ ಮನೆಯದು. ಮನೆ ಅವರ ಹೆಸರಿನಲ್ಲಿದ್ದು, ಮಗನೋ ಮಗಳೋ ನಿಜವಾಗಿ ಬಾಡಿಗೆ ಕೊಡುತ್ತಿದ್ದರೆ ಕಾನೂನಿನಲ್ಲಿ ತಡೆಯಿಲ್ಲ. ಆದರೆ ಹಣ ಬ್ಯಾಂಕಿನ ಮೂಲಕ ಹೋಗಿರಬೇಕು, ಪಡೆದವರು ಅದನ್ನು ತಮ್ಮ ಆದಾಯದಲ್ಲಿ ತೋರಿಸಬೇಕು. ತಾಯಿಗೆ ನಗದಿನಲ್ಲಿ ಬಾಡಿಗೆ ಕೊಟ್ಟೆನೆಂದು ರಸೀದಿ ಮಾತ್ರ ಮುಂದಿಟ್ಟ ಒಬ್ಬರ ಕೋರಿಕೆಯನ್ನು 2017ರಲ್ಲಿ ಮುಂಬಯಿಯ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿ ತಳ್ಳಿಹಾಕಿತು. ವರ್ಷದ ಬಾಡಿಗೆ ಒಂದು ಲಕ್ಷ ರೂಪಾಯಿ ದಾಟಿದರೆ ಮನೆಯೊಡೆಯರ ಪ್ಯಾನ್ ಕೊಡಬೇಕಾಗುವುದರಿಂದ, ಒಬ್ಬರು ಬಾಡಿಗೆ ಎಂದು ತೋರಿಸಿದ್ದು ಇನ್ನೊಬ್ಬರ ಆದಾಯದಲ್ಲಿ ಇದೆಯೇ ಎಂದು ಇಲಾಖೆ ತಾಳೆ ನೋಡಬಲ್ಲದು. ಬಾಡಿಗೆ ತಿಂಗಳಿಗೆ 50,000 ದಾಟಿದರೆ ಬಾಡಿಗೆದಾರರೇ ಶೇ 2ರಷ್ಟು ಟಿಡಿಎಸ್ ಕಡಿದು ಸರ್ಕಾರಕ್ಕೆ ಕಟ್ಟಬೇಕು.

ಇಷ್ಟೆಲ್ಲ ಲೆಕ್ಕ ಹಾಕುವ ಮೊದಲು ನೋಡಬೇಕಾದದ್ದು ಇನ್ನೊಂದಿದೆ. ಬಾಡಿಗೆ ಭತ್ಯೆಯ ವಿನಾಯಿತಿ ಇರುವುದು ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ. 2023–24ರಿಂದ ಹೊಸ ಪದ್ಧತಿಯೇ ತಾನಾಗಿ ಅನ್ವಯಿಸುತ್ತದೆ, ಹಳೆಯದು ಬೇಕಾದವರು ಕೇಳಿ ಆರಿಸಿಕೊಳ್ಳಬೇಕು. 2025–26ರಲ್ಲಿ ಹೊಸ ಪದ್ಧತಿಯಡಿ 12.75 ಲಕ್ಷ ರೂಪಾಯಿವರೆಗಿನ ಸಂಬಳಕ್ಕೆ ತೆರಿಗೆಯೇ ಬೀಳುವುದಿಲ್ಲ. ಅಷ್ಟರೊಳಗೆ ಸಂಬಳ ಇರುವವರಿಗೆ ರಸೀದಿ ಒಟ್ಟುಮಾಡುವ ಕಷ್ಟವೇ ಬೇಡ.

ಅದಕ್ಕಿಂತ ಹೆಚ್ಚು ಇರುವವರ ಮಾತೇನು? ನಮ್ಮ ಉದ್ಯೋಗಿಯ ವರ್ಷದ ಒಟ್ಟು ಸಂಬಳ 19.20 ಲಕ್ಷ. ಹಳೆಯ ಪದ್ಧತಿಯಲ್ಲಿ ಬಾಡಿಗೆ ವಿನಾಯಿತಿ 2.16 ಲಕ್ಷ, ಸ್ಟ್ಯಾಂಡರ್ಡ್ ಡಿಡಕ್ಷನ್ 50,000, ಪಿಎಫ್ ಮುಂತಾದ ಉಳಿತಾಯಕ್ಕೆ 1.50 ಲಕ್ಷ ಕಳೆದರೆ ಉಳಿಯುವುದು 15.04 ಲಕ್ಷ. ಅದಕ್ಕೆ ಸೆಸ್ ಸೇರಿ ತೆರಿಗೆ 2,74,248 ರೂಪಾಯಿ. ಹೊಸ ಪದ್ಧತಿಯಲ್ಲಿ 75,000 ಮಾತ್ರ ಕಳೆದು 18.45 ಲಕ್ಷಕ್ಕೆ ತೆರಿಗೆ ಹಾಕಿದರೂ ಬರುವುದು 1,75,760. ಬಾಡಿಗೆ ವಿನಾಯಿತಿ ಬಿಟ್ಟುಕೊಟ್ಟರೂ 98,488 ರೂಪಾಯಿ ಉಳಿತಾಯ. ಈ ಸಂಬಳದವರಿಗೆ ಹಳೆಯ ಪದ್ಧತಿ ಲಾಭವಾಗಬೇಕಾದರೆ ಎಲ್ಲ ಕಡಿತಗಳೂ ಕೂಡಿ ಸುಮಾರು 7.3 ಲಕ್ಷ ದಾಟಬೇಕು. ದೊಡ್ಡ ಬಾಡಿಗೆಯ ಜೊತೆಗೆ ಎನ್‌ಪಿಎಸ್, ಆರೋಗ್ಯ ವಿಮೆ ಅಥವಾ ಊರಲ್ಲಿ ಕಟ್ಟಿಸಿದ ಮನೆಯ ಸಾಲದ ಬಡ್ಡಿಯಂಥವು ಇಲ್ಲದಿದ್ದರೆ ಅಷ್ಟು ಆಗುವುದು ಕಷ್ಟ.

ಆದ್ದರಿಂದ ಮೊದಲು ಎರಡೂ ಪದ್ಧತಿಗಳ ತೆರಿಗೆಯನ್ನು ಪಕ್ಕಪಕ್ಕದಲ್ಲಿ ಬರೆದು ನೋಡಿ. ಹಳೆಯದರಲ್ಲಿ ಲಾಭ ಕಂಡರೆ ಮಾತ್ರ ಕರಾರು ಪತ್ರ, ರಸೀದಿ, ಬ್ಯಾಂಕ್ ದಾಖಲೆಗಳನ್ನು ಜೋಡಿಸಿಟ್ಟುಕೊಳ್ಳಿ. ವರ್ಷದ ಆರಂಭದಲ್ಲಿ ಕಂಪನಿಗೆ ಹೊಸ ಪದ್ಧತಿ ಎಂದು ತಿಳಿಸಿದ್ದರೂ ಚಿಂತೆಯಿಲ್ಲ. ವ್ಯಾಪಾರದ ಆದಾಯವಿಲ್ಲದ ಸಂಬಳದಾರರು ರಿಟರ್ನ್ ಸಲ್ಲಿಸುವಾಗ ಹಳೆಯ ಪದ್ಧತಿಗೆ ಬದಲಾಯಿಸಿಕೊಂಡು ಬಾಡಿಗೆ ವಿನಾಯಿತಿ ಕೇಳಬಹುದು, ಹೆಚ್ಚಿಗೆ ಕಡಿದ ತೆರಿಗೆ ವಾಪಸ್ ಬರುತ್ತದೆ. ಆದರೆ ರಿಟರ್ನ್ ಅನ್ನು ನಿಗದಿತ ಕೊನೆಯ ದಿನದೊಳಗೆ ಸಲ್ಲಿಸಿರಬೇಕು. ಗಡುವು ದಾಟಿದ ಮೇಲೆ ಹಳೆಯ ಪದ್ಧತಿಯ ಆಯ್ಕೆ ಇರುವುದಿಲ್ಲ.