ಯಾರಿಗೆ ಕಾಣಬೇಕು, ಯಾರಿಗೆ ಕಾಣಬಾರದು

ಪತ್ರಿಕೆಗಳ ವರ್ಗೀಕೃತ ಜಾಹೀರಾತುಗಳಲ್ಲಿ ಒಂದು ಕಾಲಕ್ಕೆ ‘ಬಾಕ್ಸ್ ನಂಬರ್’ ಎಂಬ ಏರ್ಪಾಟು ಇತ್ತು. ‘ಅನುಭವಿ ಅಕೌಂಟೆಂಟ್ ಬೇಕಾಗಿದ್ದಾರೆ, ಈ ಬಾಕ್ಸ್ ನಂಬರಿಗೆ ಬರೆಯಿರಿ’ ಎಂದಷ್ಟೇ ಇರುತ್ತಿತ್ತು. ಕೆಲಸ ಕೊಡುವವರು ಯಾರೆಂದು ಗೊತ್ತಾಗುತ್ತಿರಲಿಲ್ಲ. ನಿರುದ್ಯೋಗಿಗೆ ಇದರಿಂದ ತೊಂದರೆಯೇನೂ ಇರಲಿಲ್ಲ. ಆದರೆ ಆಗಲೇ ಕೆಲಸದಲ್ಲಿದ್ದವರಿಗೆ ಅರ್ಜಿ ಹಾಕುವಾಗ ಕೈ ನಡುಗುತ್ತಿತ್ತು. ಜಾಹೀರಾತು ಕೊಟ್ಟದ್ದು ತನ್ನ ಕಂಪನಿಯೇ ಆಗಿದ್ದರೆ ಅರ್ಜಿ ನೇರವಾಗಿ ತನ್ನ ಮೇಲಧಿಕಾರಿಯ ಮೇಜಿಗೇ ಹೋಗಿ ಬೀಳುತ್ತದೆ. ಇದಕ್ಕೆ ಬ್ರಿಟಿಷ್ ಪತ್ರಿಕೆಗಳೂ ನೇಮಕಾತಿ ಏಜೆನ್ಸಿಗಳೂ ಒಂದು ದಾರಿ ಕಂಡುಕೊಂಡಿದ್ದವು. ಅರ್ಜಿಯ ಜೊತೆ ‘ಇಂಥಿಂಥ ಕಂಪನಿಗಳಿಗೆ ಇದನ್ನು ಕಳಿಸಬೇಡಿ’ ಎಂದು ಬರೆದ ಚೀಟಿಯೊಂದನ್ನು ಇಡಬಹುದಿತ್ತು. ಜಾಹೀರಾತು ಕೊಟ್ಟವರು ಆ ಪಟ್ಟಿಯಲ್ಲಿದ್ದರೆ ಅರ್ಜಿ ಅವರ ಕೈ ಸೇರುತ್ತಿರಲಿಲ್ಲ.

ಇಂದು ಲಿಂಕ್ಡ್‌ಇನ್‌ನಲ್ಲಿ ಕಾಣುವ ‘ಓಪನ್ ಟು ವರ್ಕ್’ ಗುರುತಿನ ಮೂಲ ಪ್ರಶ್ನೆ ಆ ಚೀಟಿಯಲ್ಲೇ ಇದೆ. ಕೆಲಸ ಬಿಡುವ ಮನಸ್ಸಿದೆ ಎಂಬುದು ಹೊರಗಿನವರಿಗೆ ತಿಳಿಯಬೇಕು, ಒಳಗಿನವರಿಗೆ ತಿಳಿಯಬಾರದು. ತಂತ್ರಜ್ಞಾನ ಎಷ್ಟೇ ಬದಲಾಗಿದ್ದರೂ ಈ ಎರಡನ್ನೂ ಒಟ್ಟಿಗೆ ಪೂರ್ತಿಯಾಗಿ ಸಾಧಿಸಿದವರಿಲ್ಲ.

ಭಾರತದಲ್ಲಿ ಈ ಕಸರತ್ತು ಆನ್‌ಲೈನ್‌ಗೆ ಬಂದದ್ದು 1997ರಲ್ಲಿ ಶುರುವಾದ ನೌಕ್ರಿ ಡಾಟ್ ಕಾಮ್‌ನೊಂದಿಗೆ. ರೆಸ್ಯೂಮೆ ಹಾಕಿಟ್ಟರೆ ಹಣ ಕೊಟ್ಟ ಕಂಪನಿಗಳು ಹುಡುಕಿ ತೆಗೆಯುತ್ತವೆ. ತನ್ನ ಕಂಪನಿಯ ಎಚ್‌ಆರ್ ವಿಭಾಗವೂ ಹಾಗೆ ಹಣ ಕೊಟ್ಟ ಗ್ರಾಹಕನೇ ಆಗಿರಬಹುದು ಎಂಬ ಭಯ ಬೇಗನೆ ಹರಡಿತು. ಬೇಡದ ಕಂಪನಿಗಳನ್ನು ಬ್ಲಾಕ್ ಮಾಡುವ ಸೌಲಭ್ಯ ಅಲ್ಲಿ ಇರುವುದು ಇದೇ ಕಾರಣಕ್ಕೆ. ನೌಕ್ರಿಯಲ್ಲಿ ಪ್ರೊಫೈಲ್ ತೆರೆದಿರುವುದೇ ಕೆಲಸ ಹುಡುಕುತ್ತಿರುವುದರ ಸೂಚನೆ. ಅದಕ್ಕೆ ಬೇರೆ ಅರ್ಥವಿಲ್ಲ.

2003ರ ಮೇ ತಿಂಗಳಲ್ಲಿ ತೆರೆದುಕೊಂಡ ಲಿಂಕ್ಡ್‌ಇನ್ ಬೇರೆ ಬಗೆಯದು. ಅಲ್ಲಿ ಎಲ್ಲರೂ ಇರುತ್ತಾರೆ, ಕೆಲಸ ಹುಡುಕುವವರೂ ಹುಡುಕದವರೂ. ಆರಂಭದ ವರ್ಷಗಳಲ್ಲಿ ಪ್ರತಿ ಪ್ರೊಫೈಲಿನ ತಳದಲ್ಲಿ ಈ ವ್ಯಕ್ತಿಯನ್ನು ಯಾವ ಯಾವ ವಿಷಯಕ್ಕೆ ಸಂಪರ್ಕಿಸಬಹುದು ಎಂಬ ಸಣ್ಣ ಪಟ್ಟಿ ಇರುತ್ತಿತ್ತು. ಹಳೆಯ ಗೆಳೆಯರು ಮತ್ತೆ ಮಾತಾಡಲು, ಪರಿಣತರ ಸಲಹೆಗೆ, ಹೊಸ ಉದ್ಯಮಗಳಿಗೆ ಎಂಬ ಸಾಲುಗಳ ನಡುವೆ ‘ವೃತ್ತಿ ಅವಕಾಶಗಳಿಗೆ’ ಎಂಬುದೂ ಒಂದು. ಬಹಳ ಜನರ ಪ್ರೊಫೈಲಿನಲ್ಲಿ ಅದು ಇದ್ದುದರಿಂದ ಯಾರ ಮೇಲೂ ಅನುಮಾನ ಬರುತ್ತಿರಲಿಲ್ಲ. ನನಗೆ ಆ ಪಟ್ಟಿ ಇಂದಿಗೂ ಮೆಚ್ಚುಗೆ. ಅಲ್ಲಿ ಇಂಗಿತವಿತ್ತು, ಘೋಷಣೆ ಇರಲಿಲ್ಲ. ಆದರೆ ಎಲ್ಲರೂ ಕೈ ಎತ್ತಿದ ಮೇಲೆ ನಿಜಕ್ಕೂ ಬರಲು ಸಿದ್ಧರಿರುವವರು ಯಾರು ಎಂದು ನೇಮಕ ಮಾಡುವವರಿಗೆ ತಿಳಿಯುವುದಾದರೂ ಹೇಗೆ?

ಅವರ ಕಷ್ಟ ನಿಜವಾದದ್ದು. ಪರಿಚಯವಿಲ್ಲದವರಿಗೆ ಸಂದೇಶ ಕಳಿಸಲು ರಿಕ್ರೂಟರ್‌ಗಳು ‘ಇನ್‌ಮೇಲ್’ ಎಂಬುದನ್ನು ಬಳಸುತ್ತಾರೆ. ತಿಂಗಳಿಗೆ ಇಷ್ಟು ಎಂದು ಅದಕ್ಕೆ ಮಿತಿಯಿದೆ. ಉತ್ತರ ಬಂದರೆ ಆ ಒಂದು ಲೆಕ್ಕ ವಾಪಸ್ ಸಿಗುತ್ತದೆ, 90 ದಿನದೊಳಗೆ ಬಾರದಿದ್ದರೆ ಕಳೆದುಹೋಯಿತು. ಹೀಗಾಗಿ ಯಾರು ಒಳ್ಳೆಯವರು ಎಂಬಷ್ಟೇ ಮುಖ್ಯವಾಗಿ ಯಾರು ಉತ್ತರ ಕೊಡುತ್ತಾರೆ ಎಂಬುದನ್ನೂ ಅವರು ನೋಡಬೇಕಾಗುತ್ತದೆ. 2016ರ ಅಕ್ಟೋಬರಿನಲ್ಲಿ ಲಿಂಕ್ಡ್‌ಇನ್ ‘ಓಪನ್ ಕ್ಯಾಂಡಿಡೇಟ್ಸ್’ ಎಂಬ ಸೌಲಭ್ಯ ತಂದದ್ದು ಈ ಪ್ರಶ್ನೆಗೆ ಉತ್ತರವಾಗಿ. ಗುಟ್ಟಾಗಿ ಒಂದು ಗುಂಡಿ ಒತ್ತಿಟ್ಟರೆ, ಹಣ ಕೊಟ್ಟು ‘ರಿಕ್ರೂಟರ್’ ತಂತ್ರಾಂಶ ಬಳಸುವವರಿಗೆ ಮಾತ್ರ ಅದು ಕಾಣುತ್ತದೆ. ಗುಂಡಿ ಒತ್ತಿದವರ ಕಂಪನಿಯ ಮತ್ತು ಅದರ ಅಂಗಸಂಸ್ಥೆಗಳ ರಿಕ್ರೂಟರ್‌ಗಳಿಂದ ಅದನ್ನು ಮರೆಮಾಡುತ್ತೇವೆ ಎಂದು ಲಿಂಕ್ಡ್‌ಇನ್ ಹೇಳಿತು. ಬ್ರಿಟಿಷ್ ಪತ್ರಿಕೆಗಳ ಚೀಟಿಯೇ ಮತ್ತೆ ಬಂದಿತ್ತು, ಈ ಸಲ ಯಂತ್ರವೇ ಅದನ್ನು ಬರೆದುಕೊಳ್ಳುತ್ತಿತ್ತು.

ಹಸಿರು ಪಟ್ಟಿ ಬಂದದ್ದು ಆಮೇಲೆ, ಬೇರೆಯದೇ ಸಂಕಟದಲ್ಲಿ. 2020ರ ಜೂನ್, ಕೋವಿಡ್ ಕಾಲ. ಲಕ್ಷಾಂತರ ಜನ ಒಮ್ಮೆಲೇ ಕೆಲಸ ಕಳೆದುಕೊಂಡಿದ್ದರು. ಮುಂದಿನ ತಿಂಗಳು ಲಿಂಕ್ಡ್‌ಇನ್ ಕೂಡ ತನ್ನವರಲ್ಲೇ ಸುಮಾರು 960 ಜನರನ್ನು ತೆಗೆಯಿತು. ಫೋಟೊದ ಸುತ್ತ `#OpenToWork` ಎಂಬ ಹಸಿರು ಪಟ್ಟಿ ಹುಟ್ಟಿದ್ದು ಆ ಹೊತ್ತಿನಲ್ಲಿ. ಕೆಲಸ ಹೋದವನಿಗೆ ಬಚ್ಚಿಡಲು ಏನೂ ಉಳಿದಿರಲಿಲ್ಲ, ಎಲ್ಲರಿಗೂ ತಿಳಿದಷ್ಟೂ ಒಳ್ಳೆಯದಿತ್ತು. ಅಮೆರಿಕದಲ್ಲಿ ಎಚ್‌-1ಬಿ ವೀಸಾದ ಮೇಲಿರುವ ಕನ್ನಡಿಗರಿಗೂ ಇದೇ ಮಾತು. ಕೆಲಸ ಹೋದ ಮೇಲೆ ಅವರಿಗೆ ಸಿಗುವ ಗಡುವು ಹೆಚ್ಚೆಂದರೆ 60 ದಿನ. ಆಗ ಹಸಿರು ಪಟ್ಟಿ ಹಾಕಲು ಹಿಂಜರಿಯಬೇಕಾದ್ದಿಲ್ಲ.

ಹೀಗೆ ಬೇರೆ ಬೇರೆ ಜನರಿಗಾಗಿ ಹುಟ್ಟಿದ ಎರಡು ಸೌಲಭ್ಯಗಳು ಇಂದು ಒಂದೇ ಹೆಸರಿನಡಿ, ಒಂದೇ ಪರದೆಯಲ್ಲಿ ಕೂತಿವೆ. ಒಂದರ ಮೇಲೆ `Recruiters only` ಎಂದಿದೆ, ಇನ್ನೊಂದರ ಮೇಲೆ `All LinkedIn members`. ಹಸಿರು ಪಟ್ಟಿ ಹತಾಶೆಯ ಗುರುತು ಎಂದು ಗೂಗಲ್‌ನ ಮಾಜಿ ನೇಮಕಾಧಿಕಾರಿಯೊಬ್ಬರು ಹೇಳಿದ ಮೇಲೆ ಎದ್ದ ವಾದದಲ್ಲಿ ಈ ವ್ಯತ್ಯಾಸವೇ ಕಳೆದುಹೋಯಿತು. ಗುರುತು ಹಾಕಿದವರಿಗೆ ರಿಕ್ರೂಟರ್‌ಗಳಿಂದ ಹೆಚ್ಚು ಸಂದೇಶ ಬರುತ್ತವೆ ಎಂದು ಲಿಂಕ್ಡ್‌ಇನ್ ಹೇಳುತ್ತದೆ. ಅದು ಸುಳ್ಳಿರಲಾರದು. ಆದರೆ ಗುರುತು ಹಾಕುವವರು ಅದೇ ವೇಳೆಗೆ ಪ್ರೊಫೈಲ್ ತಿದ್ದಿರುತ್ತಾರೆ, ದಿನಾ ಲಾಗಿನ್ ಆಗುತ್ತಿರುತ್ತಾರೆ, ಅರ್ಜಿಗಳನ್ನೂ ಹಾಕುತ್ತಿರುತ್ತಾರೆ. ಹೆಚ್ಚಿದ ಸಂದೇಶಗಳಲ್ಲಿ ಗುರುತಿನ ಪಾಲೆಷ್ಟು, ಈ ಓಡಾಟದ ಪಾಲೆಷ್ಟು ಎಂದು ಆ ಲೆಕ್ಕದಿಂದ ಬೇರ್ಪಡಿಸಲಾಗದು.

ಕೆಲಸದಲ್ಲಿರುವವರ ಮಟ್ಟಿಗೆ ಇದು ಹೇಗೆ ನಡೆಯುತ್ತದೆ ಎಂದು ಒಂದು ಉದಾಹರಣೆಯಲ್ಲಿ ನೋಡೋಣ. ಬೆಂಗಳೂರಿನ ಐಟಿ ಸೇವಾ ಕಂಪನಿಯೊಂದರಲ್ಲಿ ಟೆಸ್ಟಿಂಗ್ ಎಂಜಿನಿಯರ್ ಆಗಿರುವ ಹೆಣ್ಣುಮಗಳೊಬ್ಬಳು ಇದ್ದಾಳೆ ಎಂದುಕೊಳ್ಳಿ. ಅನುಭವ 7 ವರ್ಷ, ನೋಟಿಸ್ ಪೀರಿಯಡ್ 90 ದಿನ, ಇನ್ನೂ ರಾಜೀನಾಮೆ ಕೊಟ್ಟಿಲ್ಲ. ಆಕೆ ಹಸಿರು ಪಟ್ಟಿ ಹಾಕಿದರೆ ಮೊದಲ ವಾರವೇ ಫೋನುಗಳು ಬರತೊಡಗುತ್ತವೆ.

“ಮೇಡಂ, ಸರ್ವಿಂಗ್ ನೋಟಿಸಾ?”

“ಇಲ್ಲ, ಇನ್ನೂ ಪೇಪರ್ ಹಾಕಿಲ್ಲ. 90 ದಿನ ಆಗುತ್ತೆ.”

“ಓಕೆ ಮೇಡಂ, ಮುಂದೆ ಏನಾದ್ರೂ ಇದ್ರೆ ಹೇಳ್ತೀವಿ.”

ಬಹುತೇಕ ಮಾತು ಇಲ್ಲಿಗೇ ನಿಲ್ಲುತ್ತದೆ. ನಮ್ಮಲ್ಲಿ ಹಸಿರು ಪಟ್ಟಿಯನ್ನು ನೋಡಿದವರು, ಈಕೆ ಕೆಲಸ ಕಳೆದುಕೊಂಡಿದ್ದಾಳೆ ಅಥವಾ ನೋಟಿಸಿನ ಕೊನೆಯಲ್ಲಿದ್ದಾಳೆ, ಹದಿನೈದು ದಿನದಲ್ಲಿ ಸೇರಬಲ್ಲಳು ಎಂದು ಓದಿಕೊಳ್ಳುತ್ತಾರೆ. ಕರೆ ಮಾಡುವವರು ‘ಇಮಿಡಿಯೆಟ್ ಜಾಯಿನರ್’ ಹುಡುಕುತ್ತಿರುವವರು. ಮೂರು ತಿಂಗಳು ಕಾಯಲು ಒಪ್ಪುವ ಕಂಪನಿಗಳು ಬೇರೆ, ಅವರು ಹುಡುಕುವ ರೀತಿಯೂ ಬೇರೆ. ಪಟ್ಟಿ ನೋಡಿ ರಿಕ್ರೂಟರ್ ಆಕೆಯನ್ನು ಕೀಳಾಗಿ ಕಾಣುತ್ತಾನೋ ಇಲ್ಲವೋ, ಅದು ತಪ್ಪು ರಿಕ್ರೂಟರನ್ನೇ ಕರೆತರುತ್ತದೆ. ಇತ್ತ ಅದೇ ವಾರ ಟೀಮ್ ಲೀಡ್ ಕೂಡ ಪಟ್ಟಿಯನ್ನು ನೋಡಿರುತ್ತಾನೆ. ಅದಕ್ಕಾಗಿ ಯಾರೂ ಕೆಲಸದಿಂದ ತೆಗೆಯುವುದಿಲ್ಲ. ಆದರೆ ಮುಂದಿನ ಆನ್‌ಸೈಟ್ ಅವಕಾಶಕ್ಕೆ, ಅಪ್ರೈಸಲ್‌ಗೆ ಹೆಸರು ಬರೆಯುವಾಗ ‘ಹೋಗುವವಳು ಹೇಗಿದ್ದರೂ ಹೋಗುತ್ತಾಳೆ’ ಎಂಬ ಎಣಿಕೆ ಬಂದುಬಿಡುತ್ತದೆ.

`Recruiters only` ಆರಿಸಿಕೊಂಡರೆ ಕಥೆ ಬೇರೆ. ರಿಕ್ರೂಟರ್ ಸೆಲೆನಿಯಂ, ಜಾವಾ, ಬೆಂಗಳೂರು, ಆರರಿಂದ ಎಂಟು ವರ್ಷ ಎಂದು ಹುಡುಕಿದಾಗ ದೊಡ್ಡ ಪಟ್ಟಿಯೇ ಬರುತ್ತದೆ. ಅದನ್ನು ಕಿರಿದು ಮಾಡಲು ‘ಓಪನ್ ಟು ವರ್ಕ್’ ಸೋಸುವಿಕೆಯನ್ನು ಒತ್ತುತ್ತಾರೆ. ಆಕೆಯ ಹೆಸರು ಅಲ್ಲಿ ಉಳಿದುಕೊಳ್ಳುತ್ತದೆ, ಫೋಟೊದಲ್ಲಿ ಯಾವ ಬದಲಾವಣೆಯೂ ಇಲ್ಲ. ಲಾಭ ಬರುವುದು ಇಲ್ಲಿಂದ. ಗುರುತು ಹಾಕುವಾಗ ಯಾವಾಗ ಸೇರಬಲ್ಲಿರಿ ಎಂಬ ಪ್ರಶ್ನೆಯೂ ಬರುತ್ತದೆ. ತಕ್ಷಣ ಎಂದು ಆರಿಸಿದರೆ ಮತ್ತೆ ಅದೇ ಫೋನುಗಳು ಬರುತ್ತವೆ. ಆತುರವಿಲ್ಲ ಎಂಬುದನ್ನೇ ಆರಿಸಿ, 90 ದಿನದ ಮಾತನ್ನು ಮೊದಲ ಉತ್ತರದಲ್ಲೇ ಹೇಳಿಬಿಡಬೇಕು. ಬೇಕಾದ ಹುದ್ದೆಗಳೆಂದು ಹಲವು ಹೆಸರು ತುಂಬಬಹುದಾದರೂ ಎರಡು ಸಾಕು. ಮ್ಯಾನುಯಲ್ ಟೆಸ್ಟರ್, ಡೆವಲಪರ್, ಬಿಸಿನೆಸ್ ಅನಲಿಸ್ಟ್ ಎಂದೆಲ್ಲ ಬರೆದವರನ್ನು ನೋಡಿದರೆ ಅವರಿಗೆ ಏನು ಬೇಕೆಂದು ಅವರಿಗೇ ಗೊತ್ತಿಲ್ಲ ಎನಿಸುತ್ತದೆ.

ಇಷ್ಟಾದರೂ ಮರೆ ಪೂರ್ತಿಯಲ್ಲ. ಸಂಪೂರ್ಣ ಗೋಪ್ಯತೆಗೆ ಖಾತರಿ ಕೊಡಲಾರೆವು ಎಂದು ಲಿಂಕ್ಡ್‌ಇನ್ ಆ ಪರದೆಯಲ್ಲೇ ಬರೆದಿದೆ, ಅದನ್ನು ಓದದೆ ಮುಂದೆ ಹೋಗುವವರೇ ಹೆಚ್ಚು. ಮರೆ ನಿಂತಿರುವುದು ಪ್ರೊಫೈಲಿನಲ್ಲಿರುವ ಕಂಪನಿಯ ಹೆಸರಿನ ಮೇಲೆ. ಆಕೆಯ ಸದ್ಯದ ಕೆಲಸ ಕಂಪನಿಯ ಅಧಿಕೃತ ಪುಟಕ್ಕೆ ಜೋಡಣೆಯಾಗಿರಬೇಕು. ಕಂಪನಿಯ ಲೋಗೊ ಬರದೆ ಬೂದು ಚೌಕವೊಂದು ಕಾಣುತ್ತಿದ್ದರೆ ಆ ಜೋಡಣೆ ಆಗಿಲ್ಲ ಎಂದು ತಿಳಿದು ಮೊದಲು ಅದನ್ನು ಸರಿಪಡಿಸಬೇಕು.

ಸೇವಾ ಕಂಪನಿಗಳವರಿಗೆ ದೊಡ್ಡ ಬಿರುಕು ಇನ್ನೊಂದು ಕಡೆ ಇದೆ. ಆಕೆ ಸಂಬಳ ಪಡೆಯುವುದು ಒಂದು ಕಂಪನಿಯಿಂದ, ದಿನವಿಡೀ ಕೂತು ಕೆಲಸ ಮಾಡುವುದು ಕ್ಲೈಂಟ್ ಕಂಪನಿಯಲ್ಲಿ. ಕ್ಲೈಂಟ್ ಕಂಪನಿ ಅಂಗಸಂಸ್ಥೆಯಲ್ಲ, ಹಾಗಾಗಿ ಅದರ ರಿಕ್ರೂಟರ್‌ಗಳಿಗೆ ಗುರುತು ಕಾಣುತ್ತದೆ. ಆಕೆಯ ಕಂಪನಿಗೆ ಜನರನ್ನು ಒದಗಿಸುವ ಕನ್ಸಲ್ಟೆನ್ಸಿಗಳಿಗೂ ಕಾಣುತ್ತದೆ. ಅವರಲ್ಲಿ ಕೆಲವರು ಕಂಪನಿಯ ಎಚ್‌ಆರ್ ವಿಭಾಗದಲ್ಲೇ ಕೂತು, ತಮ್ಮ ಏಜೆನ್ಸಿಯ ಖಾತೆಯಿಂದ ಹುಡುಕುತ್ತಿರುತ್ತಾರೆ. ಪಕ್ಕದ ಮೇಜಿನವರಿಗೆ ಒಂದು ಮಾತು ಹೇಳಲು ಎಷ್ಟು ಹೊತ್ತು ಬೇಕು? ಹೊರಗಿನ ಏಜೆನ್ಸಿಯವರು ಒಳಗೇ ಕೂತಿರುವ ಕಂಪನಿಯಾದರೆ, ಅಥವಾ ಕ್ಲೈಂಟ್ ಒಬ್ಬರೇ ಆಗಿದ್ದು ಅವರಿಗೆ ವಿಷಯ ತಿಳಿದರೆ ಪ್ರಾಜೆಕ್ಟೇ ಹೋಗುವಂತಿದ್ದರೆ, ಗುಟ್ಟಿನ ಗುರುತನ್ನೂ ಹಾಕಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಅಂಥವರು ಬೇಕಾದ ನಾಲ್ಕು ಕಂಪನಿಗಳಿಗೆ ನೇರವಾಗಿ ಅರ್ಜಿ ಹಾಕುವುದೇ ಸರಿ. ಈ ತೊಡಕಿಲ್ಲದ ಉಳಿದವರಿಗೆ ಗುಟ್ಟಿನ ಗುರುತಿನಿಂದ ಅಪಾಯಕ್ಕಿಂತ ಉಪಯೋಗ ಹೆಚ್ಚು.

ಜನ ಸಿಕ್ಕಿಬೀಳುವುದು ಗುರುತಿನಿಂದಲೇ ಎಂದೇನಿಲ್ಲ. ಎರಡು ವರ್ಷ ಮುಟ್ಟದ ಪ್ರೊಫೈಲಿಗೆ ಒಂದೇ ರಾತ್ರಿ ಹೊಸ ಫೋಟೊ, ಹತ್ತು ಕೌಶಲ, ಮೂರು ಪ್ರಮಾಣಪತ್ರ ಸೇರಿಸಿದರೆ ಸಹೋದ್ಯೋಗಿಗಳು ಗಮನಿಸುತ್ತಾರೆ. ಪ್ರೊಫೈಲಿನ ಬದಲಾವಣೆಗಳನ್ನು ಸಂಪರ್ಕದವರಿಗೆ ಹಂಚುವ ಸೆಟ್ಟಿಂಗನ್ನು ಮೊದಲು ಆಫ್ ಮಾಡಿ, ತಿದ್ದುವುದನ್ನು ಕೆಲವು ವಾರಗಳಿಗೆ ಹಂಚಿಕೊಂಡರೆ ಈ ತೊಂದರೆ ಇರದು.

ಉಪಯೋಗವಾಗುತ್ತಿದೆಯೇ ಎಂಬುದನ್ನು ಸಂದೇಶಗಳ ಸಂಖ್ಯೆಯಿಂದ ಅಳೆಯಬಾರದು. ತಿಂಗಳೊಂದರಲ್ಲಿ ಬಂದವುಗಳಲ್ಲಿ ತಾನು ತುಂಬಿದ ಹುದ್ದೆಗೆ ಹೊಂದುವವು ಎಷ್ಟು, 90 ದಿನ ಎಂದ ಮೇಲೂ ಮಾತು ಮುಂದುವರಿಸಿದವರು ಎಷ್ಟು ಎಂದು ನೋಡಬೇಕು. ಹೊಂದುವವು ಬಾರದಿದ್ದರೆ ತಪ್ಪು ಹುದ್ದೆಯ ಹೆಸರಿನಲ್ಲೋ ಕೌಶಲಗಳ ಪಟ್ಟಿಯಲ್ಲೋ ಇರುತ್ತದೆ, ಹಸಿರು ಪಟ್ಟಿ ಹಾಕಿ ಅದನ್ನು ಸರಿಮಾಡಲಾಗದು. ಹುಡುಕಾಟದಲ್ಲಿ ತನ್ನ ಹೆಸರು ಯಾವ ಕಂಪನಿಗಳವರಿಗೆ ಬಂದಿದೆ ಎಂದು ಲಿಂಕ್ಡ್‌ಇನ್ ತೋರಿಸುತ್ತದೆ. ಅಲ್ಲಿ ತನ್ನದೇ ಕಂಪನಿಯ ಹೆಸರು ಕಂಡರೆ ಕೂಡಲೇ ಗಾಬರಿ ಬೇಡ, ಸಹೋದ್ಯೋಗಿ ಸುಮ್ಮನೆ ಹುಡುಕಿದರೂ ಅದು ಬರುತ್ತದೆ.

ಹೊಸ ಕೆಲಸ ಸಿಕ್ಕ ಮೇಲೂ ಒಂದು ಕೆಲಸ ಬಾಕಿ ಇರುತ್ತದೆ. ಮರೆ ಇರುವುದು ಪ್ರೊಫೈಲಿನಲ್ಲಿ ಬರೆದಿರುವ ಕಂಪನಿಗೆ. ಆಕೆ ಹೊಸ ಕಂಪನಿಗೆ ಸೇರಿ, ಪ್ರೊಬೇಷನ್ ಮುಗಿಯಲಿ ಎಂದು ಪ್ರೊಫೈಲಿನಲ್ಲಿ ಹಳೆಯ ಕಂಪನಿಯ ಹೆಸರನ್ನೇ ಬಿಟ್ಟು, ಗುರುತು ತೆಗೆಯುವುದನ್ನು ಮರೆತರೆ, ಅದು ಹಳೆಯ ಕಂಪನಿಗೆ ಕಾಣದೆ ಹೊಸ ಕಂಪನಿಯ ರಿಕ್ರೂಟರ್‌ಗಳಿಗೆ ಕಾಣುತ್ತಿರುತ್ತದೆ. ಆದ್ದರಿಂದ ಆಫರ್ ಲೆಟರ್‌ಗೆ ಸಹಿ ಹಾಕಿದ ದಿನವೇ ಆಕೆ ಅದನ್ನು ತೆಗೆಯಬೇಕು.