ಕೆಂಪು ಕಣಗಳು ಬರೆದಿಟ್ಟ ಲೆಕ್ಕ

ನಲವತ್ತಾರು ವರ್ಷ ವಯಸ್ಸಿನ ಒಬ್ಬ ಉಪಾಧ್ಯಾಯರನ್ನು ಊಹಿಸಿಕೊಳ್ಳೋಣ. ಕೆಲವು ತಿಂಗಳುಗಳಿಂದ ಅವರಿಗೆ ವಿಪರೀತ ಬಾಯಾರಿಕೆ. ರಾತ್ರಿ ಎರಡು ಮೂರು ಸಲ ಮೂತ್ರಕ್ಕಾಗಿ ಏಳಬೇಕು. ವೈದ್ಯರು ರಕ್ತವನ್ನು ಪರೀಕ್ಷೆ ಮಾಡಿಸಿ, ಇದು ಮಧುಮೇಹವೆಂದು ನಿರ್ಣಯಿಸುತ್ತಾರೆ. ಪ್ರಯೋಗಶಾಲೆಯ ಚೀಟಿಯಲ್ಲಿ ಎರಡು ಅಂಕಿಗಳಿವೆ. ಬೆಳಗಿನ ಬರಿಹೊಟ್ಟೆಯಲ್ಲಿ 100 ಮಿಲಿಲೀಟರ್ ರಕ್ತಕ್ಕೆ 168 ಮಿಲಿಗ್ರಾಂ ಸಕ್ಕರೆ. ಅದರ ಕೆಳಗೆ, ‘ಎಚ್‌ಬಿ ಎ1ಸಿ, ಶೇಕಡಾ 8.6’. “ಈ ಎರಡನೆಯದನ್ನು 7ಕ್ಕಿಂತ ಕೆಳಗೆ ಇಳಿಸಬೇಕು” ಎಂದು ವೈದ್ಯರು ಹೇಳಿ ಕಳುಹಿಸುತ್ತಾರೆ. ಉಪಾಧ್ಯಾಯರು ಮನೆಗೆ ಬಂದು ಚೀಟಿಯನ್ನು ಕಾಲೇಜಿನಲ್ಲಿ ಓದುವ ಮಗಳ ಕೈಗೆ ಕೊಡುತ್ತಾರೆ. ರಕ್ತದಲ್ಲಿ ನೂರಕ್ಕೆ ಎಂಟು ಪಾಲು ಸಕ್ಕರೆಯೇ ತುಂಬಿದೆಯೆ? ಇಳಿಸಬೇಕಾದುದು ಬರಿಯ 1.6 ಆದರೆ, ಅದೇನು ಅಷ್ಟು ದೊಡ್ಡ ಮಾತೆ?

ಮೊದಲನೆಯ ಸಂದೇಹವನ್ನು ಗಣಿತವೇ ಪರಿಹರಿಸುತ್ತದೆ. 168 ಮಿಲಿಗ್ರಾಂ ಎಂದರೆ ಒಂದು ಗ್ರಾಮಿನ ಆರನೆಯ ಒಂದು ಪಾಲು ಮಾತ್ರ. ಶೇಕಡಾ 8.6 ಎಂಬುದು ರಕ್ತದಲ್ಲಿ ಕರಗಿರುವ ಸಕ್ಕರೆಯ ಪ್ರಮಾಣವಲ್ಲ. ಅದು ಹೀಮೋಗ್ಲೋಬಿನ್ನಿಗೆ ಸಂಬಂಧಿಸಿದ ಲೆಕ್ಕ.

ರಕ್ತಕ್ಕೆ ಕೆಂಪು ಬಣ್ಣವನ್ನು ಕೊಟ್ಟು, ಆಮ್ಲಜನಕವನ್ನು ಹೊತ್ತೊಯ್ಯುವ ಪ್ರೋಟೀನೇ ಹೀಮೋಗ್ಲೋಬಿನ್. ಅದು ಕೆಂಪು ರಕ್ತಕಣಗಳೊಳಗೆ ತುಂಬಿರುತ್ತದೆ. ರಕ್ತದಲ್ಲಿರುವ ಗ್ಲೂಕೋಸ್ ಈ ಕಣಗಳೊಳಕ್ಕೆ ಸಲೀಸಾಗಿ ನುಗ್ಗಬಲ್ಲುದು. ಒಳಹೊಕ್ಕ ಗ್ಲೂಕೋಸಿನ ಅಣುಗಳಲ್ಲಿ ಕೆಲವು ಹೀಮೋಗ್ಲೋಬಿನ್ ಸರಪಳಿಯ ತುದಿಗೆ ಅಂಟಿಕೊಳ್ಳುತ್ತವೆ. ಈ ಕ್ರಿಯೆಗೆ ಯಾವ ಕಿಣ್ವವೂ ಬೇಕಿಲ್ಲ. ಅದು ಬಹು ನಿಧಾನವಾಗಿ, ತಾನೇ ತಾನಾಗಿ ನಡೆಯುತ್ತದೆ. ಸಕ್ಕರೆ ಹೆಚ್ಚಿದ್ದಷ್ಟೂ ಅಂಟುವುದೂ ಹೆಚ್ಚು. ಒಮ್ಮೆ ಭದ್ರವಾಗಿ ಅಂಟಿದ ಮೇಲೆ ಆ ಕಣ ಸಾಯುವವರೆಗೂ ಅದು ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ. ಹೀಗೆ ಸಕ್ಕರೆ ಅಂಟಿದ ಹೀಮೋಗ್ಲೋಬಿನ್ನಿಗೇ ಎ1ಸಿ ಎಂದು ಹೆಸರು. ನಮ್ಮ ಉಪಾಧ್ಯಾಯರ ಹೀಮೋಗ್ಲೋಬಿನ್ನಿನಲ್ಲಿ ನೂರಕ್ಕೆ 8.6 ಪಾಲು ಸಕ್ಕರೆಯ ಗುರುತನ್ನು ಹೊತ್ತಿದೆಯೆಂಬುದೇ ಚೀಟಿಯ ಅರ್ಥ. ಮಧುಮೇಹವಿಲ್ಲದವರಲ್ಲಿಯೂ ಈ ಗುರುತು ಇದ್ದೇ ಇರುತ್ತದೆ. ಅದು ಸಾಮಾನ್ಯವಾಗಿ 5.7ಕ್ಕಿಂತ ಕಡಿಮೆ. 6.5 ಅಥವಾ ಅದಕ್ಕೆ ಮೇಲ್ಪಟ್ಟರೆ ಮಧುಮೇಹವೆಂದು ಎಣಿಸುತ್ತಾರೆ.

ಮಧುಮೇಹಿಗಳ ರಕ್ತದಲ್ಲಿ ಇಂಥ ಹೀಮೋಗ್ಲೋಬಿನ್ ಹೆಚ್ಚಾಗಿರುವುದನ್ನು 1968ರಲ್ಲಿ ತೆಹರಾನಿನ ವಿಜ್ಞಾನಿ ಸ್ಯಾಮ್ಯುಯೆಲ್ ರಹಬರ್ ಪ್ರಕಟಪಡಿಸಿದರು. ಸಕ್ಕರೆ ಹತೋಟಿಗೆ ಬಂದಂತೆ ಇದೂ ಇಳಿಯುತ್ತದೆಂಬುದನ್ನು 1976ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿಕೊಟ್ಟರು. ಅಂದಿನಿಂದ ಅದು ವೈದ್ಯರ ಅಳತೆಗೋಲಾಯಿತು.

ಕೆಂಪು ಕಣದ ಆಯುಸ್ಸು ಸುಮಾರು 120 ದಿನ. ಆದುದರಿಂದ ಯಾವ ದಿನ ರಕ್ತವನ್ನು ತೆಗೆದರೂ ಅದರಲ್ಲಿ ನಿನ್ನೆ ಹುಟ್ಟಿದ ಕಣವೂ ಉಂಟು, ನಾಲ್ಕು ತಿಂಗಳ ಹಳೆಯ ಕಣವೂ ಉಂಟು. ಬರಿಹೊಟ್ಟೆಯ ಪರೀಕ್ಷೆ ಒಂದು ದಿನದ ಮಳೆಯನ್ನು ಅಳೆದಂತೆ; ಎ1ಸಿಯಾದರೋ ಕೆರೆಯ ನೀರಿನ ಮಟ್ಟವನ್ನು ನೋಡಿ ಮಳೆಗಾಲವನ್ನು ತಿಳಿದಂತೆ. ಪರೀಕ್ಷೆಯ ಹಿಂದಿನ ಎರಡು ದಿನ ಉಪವಾಸ ಮಾಡಿದರೆ ಬೆಳಗಿನ ಸಕ್ಕರೆ ತಗ್ಗಬಹುದು, ಎ1ಸಿ ಕದಲುವುದಿಲ್ಲ.

ಈ ಅಂಕಿಯನ್ನು ಪರಿಚಿತ ಮಿಲಿಗ್ರಾಂಗಳಿಗೆ ಪರಿವರ್ತಿಸಲು ಒಂದು ಸೂತ್ರವಿದೆ. ಎ1ಸಿಯನ್ನು 28.7ರಿಂದ ಗುಣಿಸಿ 46.7ನ್ನು ಕಳೆದರೆ ಕಳೆದ ಕೆಲವು ತಿಂಗಳ ಸರಾಸರಿ ಸಕ್ಕರೆ ಅಂದಾಜಾಗಿ ದೊರೆಯುತ್ತದೆ. ಮಗಳು ಲೆಕ್ಕ ಹಾಕಿದಳೆನ್ನೋಣ. 8.6ಕ್ಕೆ ಬರುವುದು 200 ಮಿಲಿಗ್ರಾಂ, 7ಕ್ಕೆ 154. ‘ಬರಿಯ 1.6’ ಎಂದರೆ ಹಗಲೂ ರಾತ್ರಿಯೂ ಸೇರಿ ಸರಾಸರಿಯಲ್ಲಿ 46 ಮಿಲಿಗ್ರಾಮಿನ ಇಳಿತ. ಬೆಳಗಿನ 168ಕ್ಕಿಂತ ಸರಾಸರಿ ಹೆಚ್ಚಿರುವುದೂ ಆಶ್ಚರ್ಯವಲ್ಲ. ಊಟದ ಅನಂತರದ ಏರಿಕೆಗಳೂ ಅದರಲ್ಲಿ ಸೇರಿವೆ.

ಆದರೆ 7 ಎಂಬ ಗಡಿ ಎಲ್ಲಿಂದ ಬಂದಿತು? ಹೆಚ್ಚಿದ ಸಕ್ಕರೆ ಕಣ್ಣಿನ ಅಕ್ಷಿಪಟಲ, ಮೂತ್ರಪಿಂಡ ಮತ್ತು ನರಗಳನ್ನು ಪೋಷಿಸುವ ಅತಿಸೂಕ್ಷ್ಮ ರಕ್ತನಾಳಗಳನ್ನು ವರ್ಷಗಳ ಕಾಲ ಸದ್ದಿಲ್ಲದೆ ಕೆಡಿಸುತ್ತದೆ. ಬ್ರಿಟನ್ನಿನಲ್ಲಿ, ಹೊಸದಾಗಿ ಮಧುಮೇಹ ಗೊತ್ತಾದವರನ್ನೇ ಆರಿಸಿ ನಡೆಸಿದ ದೀರ್ಘ ಅಧ್ಯಯನದ ಫಲಿತಾಂಶ 1998ರಲ್ಲಿ ಹೊರಬಂದಿತು. ಹತ್ತು ವರ್ಷಗಳ ಅವಧಿಯಲ್ಲಿ ಒಂದು ಗುಂಪಿನ ಎ1ಸಿ 7.0ರ ಆಸುಪಾಸಿನಲ್ಲಿಯೂ, ಇನ್ನೊಂದರದು 7.9ರ ಆಸುಪಾಸಿನಲ್ಲಿಯೂ ಇತ್ತು. ಇಷ್ಟೇ ಅಂತರಕ್ಕೆ, ಸೂಕ್ಷ್ಮ ರಕ್ತನಾಳಗಳ ತೊಂದರೆ ಮೊದಲನೆಯ ಗುಂಪಿನಲ್ಲಿ ಕಾಲು ಭಾಗದಷ್ಟು ಕಡಿಮೆಯಾಗಿತ್ತು.

ಹಾಗಿದ್ದರೆ 5.5ಕ್ಕೇ ಇಳಿಸಬಾರದೇಕೆ? ಅಮೆರಿಕ ಮತ್ತು ಕೆನಡಗಳಲ್ಲಿ ನಡೆದ ಇನ್ನೊಂದು ಅಧ್ಯಯನ, ಹೃದ್ರೋಗವಿದ್ದ ಅಥವಾ ಅದರ ಅಪಾಯ ಹೆಚ್ಚಿದ್ದ ಹಳೆಯ ಮಧುಮೇಹಿಗಳಲ್ಲಿ ಎ1ಸಿಯನ್ನು 6ಕ್ಕಿಂತ ಕೆಳಕ್ಕೆ ತಳ್ಳಲು ಯತ್ನಿಸಿತು. ಆ ಗುಂಪಿನಲ್ಲಿ ಸಾವುಗಳು ಹೆಚ್ಚಾದುದರಿಂದ 2008ರಲ್ಲಿ ಆ ಚಿಕಿತ್ಸೆಯನ್ನು ಮಧ್ಯದಲ್ಲಿಯೇ ನಿಲ್ಲಿಸಬೇಕಾಯಿತು. ಔಷಧದ ಬಲದಿಂದ ಸಕ್ಕರೆಯನ್ನು ಅತಿಯಾಗಿ ತಗ್ಗಿಸಹೊರಟರೆ ಅದು ಕೆಲವು ವೇಳೆ 70ಕ್ಕಿಂತ ಕೆಳಗೆ ಕುಸಿಯುತ್ತದೆ; ಆಗ ಬೆವರು, ನಡುಕ, ಕಡೆಗೆ ಪ್ರಜ್ಞೆ ತಪ್ಪುವುದೂ ಉಂಟು. ಆದುದರಿಂದ ಗುರಿ ಎಲ್ಲರಿಗೂ ಒಂದೇ ಅಲ್ಲ. ಬೇರೆ ರೋಗವಿಲ್ಲದ ನಡುವಯಸ್ಸಿನ ನಮ್ಮ ಉಪಾಧ್ಯಾಯರಿಗೆ 7 ಯುಕ್ತ. ಅನೇಕ ರೋಗಗಳಿಂದ ಜರ್ಜರಿತರಾದ ವೃದ್ಧರಿಗೆ ವೈದ್ಯರು 8ನ್ನೇ ಸಾಕೆನ್ನಬಹುದು.

ಈಗ ನಮ್ಮ ಉಪಾಧ್ಯಾಯರ ಮುಂದಿನ ಕಥೆ. ಅವರು ಅನ್ನ, ಮುದ್ದೆಗಳ ಪ್ರಮಾಣವನ್ನು ಇಳಿಸಿ, ದಿನವೂ ನಡೆದು, ಮಾತ್ರೆಯನ್ನು ತಪ್ಪದೆ ತೆಗೆದುಕೊಂಡು, ಸರಾಸರಿಯನ್ನು ಕೂಡಲೇ 154ಕ್ಕೆ ತಂದರೆನ್ನಿ. ತಿಂಗಳಿಗೇ ಆತುರಪಟ್ಟು ಪರೀಕ್ಷೆ ಮಾಡಿಸಿದರೆ ಚೀಟಿಯಲ್ಲಿ ಬರುವುದು 7ಲ್ಲ, ಸುಮಾರು 7.8. ಶ್ರಮ ವ್ಯರ್ಥವಾಯಿತೆಂದು ಅವರು ಮಾತ್ರೆಯನ್ನು ಬಿಟ್ಟರೆ ಅದೇ ದೊಡ್ಡ ಅನಾಹುತ. ಎ1ಸಿಯ ಬೆಲೆಯಲ್ಲಿ ಸುಮಾರು ಅರ್ಧ ಕಳೆದ ಒಂದು ತಿಂಗಳಿನದು. ಉಳಿದರ್ಧ ಅದಕ್ಕೂ ಹಿಂದಿನದು. ಹಳೆಯ ಗುರುತನ್ನು ಹೊತ್ತ ಕಣಗಳು ಇನ್ನೂ ಸತ್ತಿಲ್ಲ. ಎರಡು ತಿಂಗಳಿಗೆ ಅದು 7.4ರ ಸಮೀಪಕ್ಕೂ, ನಾಲ್ಕು ತಿಂಗಳು ತುಂಬುವ ವೇಳೆಗೆ 7ಕ್ಕೂ ಇಳಿಯುತ್ತದೆ. ಮೂರು ತಿಂಗಳಿಗೊಮ್ಮೆ ಪರೀಕ್ಷಿಸುವ ಪದ್ಧತಿಗೆ ಇದೇ ಕಾರಣ.

ಈ ಲೆಕ್ಕವೂ ಕೆಲವೊಮ್ಮೆ ತಪ್ಪುತ್ತದೆ. ಕಣಗಳ ಆಯುಸ್ಸು ಬದಲಾದರೆ ಅಂಕಿಯೂ ಬದಲಾಗುತ್ತದೆ. ರಕ್ತಸ್ರಾವವಾಗಿದ್ದರೆ, ಕಣಗಳು ಬೇಗ ಒಡೆಯುತ್ತಿದ್ದರೆ, ಎಳೆಯ ಕಣಗಳೇ ಹೆಚ್ಚಾಗಿ ಎ1ಸಿ ಸುಳ್ಳಾಗಿ ತಗ್ಗುತ್ತದೆ. ನಮ್ಮ ಹೆಂಗಸರಲ್ಲಿ ಬಹು ಸಾಮಾನ್ಯವಾದ ಕಬ್ಬಿಣದ ಕೊರತೆಯ ರಕ್ತಹೀನತೆಯಲ್ಲಿ ಅದು ಸುಳ್ಳಾಗಿ ಏರಬಹುದು. ಬೆರಳು ಚುಚ್ಚಿ ನೋಡಿದ ಸಕ್ಕರೆಗೂ ಎ1ಸಿಗೂ ತಾಳೆಯಾಗದಿದ್ದಾಗ ಇದನ್ನು ಶಂಕಿಸಬೇಕು.

ಇನ್ನೊಂದು ಮಿತಿಯೂ ಉಂಟು. ಸರಾಸರಿಯು ಏರಿಳಿತಗಳನ್ನು ಮರೆಮಾಡುತ್ತದೆ. ಒಬ್ಬನ ಸಕ್ಕರೆ ದಿನವೆಲ್ಲ 154ರ ಸುತ್ತಮುತ್ತ ಇರಬಹುದು. ಇನ್ನೊಬ್ಬನದು 60ಕ್ಕೆ ಬಿದ್ದು 250ಕ್ಕೆ ಹಾರುತ್ತಿರಬಹುದು. ಇಬ್ಬರ ಚೀಟಿಯಲ್ಲಿಯೂ 7 ಎಂದೇ ಬರೆದಿರುತ್ತದೆ. ಹೀಗಾಗಿ ಬರಿಹೊಟ್ಟೆಯಲ್ಲಿ 80ರಿಂದ 130, ಊಟದ ಅನಂತರ 180ಕ್ಕಿಂತ ಕಡಿಮೆ ಎಂಬ ದಿನದಿನದ ಗುರಿಗಳನ್ನೂ ಸಾಮಾನ್ಯವಾಗಿ ಜೊತೆಗೆ ಇಟ್ಟುಕೊಳ್ಳುತ್ತಾರೆ. ದಿನದ ಅಳತೆ ಇಂದು ಏನಾಗುತ್ತಿದೆಯೆಂಬುದನ್ನು ಹೇಳುತ್ತದೆ. ಕೆಂಪು ಕಣಗಳು ಕಳೆದ ತಿಂಗಳುಗಳಲ್ಲಿ ಏನಾಯಿತೆಂಬುದನ್ನು ಹೇಳುತ್ತವೆ. ಎರಡನ್ನೂ ಓದಬಲ್ಲ ಮಗಳು ಮನೆಯಲ್ಲಿದ್ದರೆ, ಉಪಾಧ್ಯಾಯರು 7.8ನ್ನು ಕಂಡು ಮಾತ್ರೆಯನ್ನು ಬಿಡಲಾರರು.